ನೂರು ಹುಳು, ನೂರಮೂವತ್ತನಾಲ್ಕು ಗೂಡು

ಹೊಂಗನೂರಿನ ನೆಂಟರ ಮನೆ ಜಗಲಿಯಲ್ಲಿ ಮೊದಲ ಪಿಯುಸಿ ಓದುವ ಹುಡುಗಿಯೊಬ್ಬಳು ಪುಸ್ತಕ ಚಾಚಿ, "ಮಾವ, ಇದು ಸರಿಯಾ ನೋಡಿ" ಅಂದಳು. ರೇಷ್ಮೆಗೆ ಬಣ್ಣ ಹಾಕುವಾಗ ನೀರಿಗೆ ಬೆರೆಸುತ್ತಾರಲ್ಲ, ಆ ಅಸಿಟಿಕ್ ಆಮ್ಲದ ಲೆಕ್ಕ. ಸಾರತೆ 10⁻⁵ M, Ka 1.8 × 10⁻⁵. ಅವಳ ಉತ್ತರ pH 4.87.

ಮೊದಲು, ಬದಲಾವಣೆ, ಕೊನೆ ಎಂಬ ಮೂರು ಸಾಲಿನ ಪಟ್ಟಿ ಚೆನ್ನಾಗಿಯೇ ಇತ್ತು. ಒಡೆದ ಆಮ್ಲ x ಆದರೆ ಉಳಿದದ್ದು 10⁻⁵ − x. ಆಮೇಲೆ "x ಚಿಕ್ಕದು" ಎಂದು ಅದನ್ನು ಕೈಬಿಟ್ಟು, x² = 1.8 × 10⁻¹⁰ ಮಾಡಿ, x = 1.34 × 10⁻⁵ ಎಂದು ಬರೆದಿದ್ದಳು.

"ಹಾಕಿದ್ದು ಎಷ್ಟು, ಒಡೆದದ್ದು ಎಷ್ಟು?" ಎಂದೆ. ಅವಳೇ ನಕ್ಕಳು. ಅವರ ಮನೆಯಲ್ಲಿ ಹುಳು ಸಾಕುತ್ತಾರೆ. ನೂರು ಹುಳು ಚಂದ್ರಿಕೆಗೆ ಬಿಟ್ಟು ನೂರಮೂವತ್ತನಾಲ್ಕು ಗೂಡು ಬಿಡಿಸಿದೆವು ಅಂದರೆ ಯಾರು ನಂಬುತ್ತಾರೆ? ವರ್ಗ ಸಮೀಕರಣವನ್ನೇ ಬಿಡಿಸಿದಾಗ x = 7.2 × 10⁻⁶, pH 5.15 ಬಂತು.

ತಪ್ಪು ಯಾವಾಗಲೂ ಇಷ್ಟು ಎದ್ದು ಕಾಣುವುದಿಲ್ಲ. 10⁻⁴ M ಆಮ್ಲಕ್ಕೆ ಅದೇ ಅಡ್ಡದಾರಿ ಹಿಡಿದರೆ x = 4.24 × 10⁻⁵, pH 4.37. ನೋಡಲು ಸಭ್ಯವಾದ ಉತ್ತರ. ಆದರೆ ಆ x ಅನ್ನು ಏನನ್ನೂ ಕೈಬಿಡದ ಮೂಲ ಸೂತ್ರಕ್ಕೆ ಹಾಕಿ ನೋಡಿ: x² ಅನ್ನು 10⁻⁴ − x ನಿಂದ ಭಾಗಿಸಿದರೆ 3.1 × 10⁻⁵ ಸಿಗುತ್ತದೆ. ಸಿಗಬೇಕಾದದ್ದು 1.8 × 10⁻⁵. ನಿಜವಾದ pH 4.46. 0.1 M ಆಮ್ಲದಲ್ಲಾದರೆ ಒಡೆಯುವುದು ನೂರಕ್ಕೆ 1.3 ಪಾಲು ಮಾತ್ರ, ಅಲ್ಲಿ ಕೈಬಿಟ್ಟರೂ ನಷ್ಟವಿಲ್ಲ. ನೂರಕ್ಕೆ ಐದು ದಾಟಿದರೆ ಬಿಡಬೇಡಿ ಎಂದು ಮೇಷ್ಟ್ರುಗಳು ಹೇಳುವುದು ಇದಕ್ಕೇ. ಆಮ್ಲ ತೆಳುವಾದಷ್ಟೂ ಒಡೆಯುವ ಪಾಲು ಹೆಚ್ಚುತ್ತದೆ. ತೆಳುವಾದದ್ದಕ್ಕೆ x ಕೂಡ ಚಿಕ್ಕದೇ ಇರಬೇಕು ಎಂಬ ಊಹೆ ಹುಡುಗರನ್ನು ಬೀಳಿಸುವುದು ಇಲ್ಲಿಯೇ. x ಚಿಕ್ಕದು ಹೌದು, ಆದರೆ ಯಾವುದರಿಂದ ಕಳೆಯುತ್ತೇವೋ ಅದು ಇನ್ನೂ ಬೇಗ ಚಿಕ್ಕದಾಗಿರುತ್ತದೆ.

ಉತ್ತರವನ್ನು ಸೂತ್ರಕ್ಕೆ ಮರಳಿ ಹಾಕಿ ನೋಡುವ ಈ ತಾಳೆಗೂ ಒಂದು ಮಿತಿ ಇದೆ. ಪುಟ ತಿರುಗಿಸಿದರೆ ಮುಂದಿನ ಲೆಕ್ಕ: 0.1 M ಆಮ್ಲದ ಜೊತೆ 0.1 M ಸೋಡಿಯಂ ಅಸಿಟೇಟ್. ಹುಡುಗಿ ಪಟ್ಟಿಯ ಮೊದಲ ಸಾಲಿನಲ್ಲಿ ಅಸಿಟೇಟ್‌ಗೆ ಅಭ್ಯಾಸಬಲದಿಂದ ಸೊನ್ನೆ ಬರೆದು pH 2.87 ತಂದಿದ್ದಳು. ಸೂತ್ರಕ್ಕೆ ಮರಳಿ ಹಾಕಿದರೆ ಉತ್ತರ ಅಚ್ಚುಕಟ್ಟಾಗಿ ತಾಳೆಯಾಗುತ್ತದೆ! ಯಾಕೆಂದರೆ ಅದು ಅವಳ ಪಟ್ಟಿಗೆ ಸರಿಯಾದ ಉತ್ತರ, ಪಾತ್ರೆಗೆ ಅಲ್ಲ. ಹಿಡಿಯುವ ದಾರಿ ಬೇರೆ: ಕೊನೆಯ ಸಾಲಿನ ಆಮ್ಲ ಮತ್ತು ಅಸಿಟೇಟ್ ಕೂಡಿಸಿ. ಪಾತ್ರೆಗೆ ಹಾಕಿದ್ದು ಒಟ್ಟು 0.2, ಪಟ್ಟಿಯಲ್ಲಿ ಇರುವುದು 0.1. ಅರ್ಧ ಕಾಣೆಯಾಗಿದೆ.

ಸೊನ್ನೆಯ ಜಾಗಕ್ಕೆ 0.1 ಬರೆದಳು. pH 4.74.