ದುಬೈ ಸಂಬಳ, ಊರಿನ ಬಾಡಿಗೆ: ಹೂಡಿಕೆಗೆ ಮೊದಲು ಖಾತೆಯ ಲೆಕ್ಕ

ಕೊಲ್ಲಿ ದೇಶಕ್ಕೆ ದುಡಿಯಲು ಹೋದವರಿಲ್ಲದ ಊರು ಕರಾವಳಿಯಲ್ಲಿ ಸಿಗುವುದು ಕಷ್ಟ. ಅವರ ಉಳಿತಾಯ ಹಿಂದೆಲ್ಲ ಚಿನ್ನ, ಸೈಟು, ಮನೆ ಎಂದು ಊರಿಗೆ ಬರುತ್ತಿತ್ತು. ಈಗಿನವರು ಮ್ಯೂಚುವಲ್ ಫಂಡ್, ಷೇರು ಎಂದೂ ಯೋಚಿಸುತ್ತಾರೆ. ಯಾವ ಫಂಡ್ ಒಳ್ಳೆಯದು ಎಂದು ವಿಚಾರಿಸುವವರು ಬಹಳ. ಯಾವ ಖಾತೆಯಿಂದ ದುಡ್ಡು ಹಾಕಬೇಕು ಎಂದು ಕೇಳುವವರು ಕಡಿಮೆ. ನಾನು ಮೊದಲು ಕೇಳುವುದು ಈ ಎರಡನೆಯ ಪ್ರಶ್ನೆಯನ್ನೇ. ಫಂಡ್ ಸರಿಬರದಿದ್ದರೆ ನಾಳೆ ಬದಲಾಯಿಸಬಹುದು. ತಪ್ಪು ಖಾತೆಯಿಂದ ಹಾಕಿದ ಹಣದ ಹಣೆಬರಹವನ್ನು ಅಷ್ಟು ಸುಲಭವಾಗಿ ತಿದ್ದಲು ಆಗುವುದಿಲ್ಲ.

ವಿದೇಶಿ ವಿನಿಮಯದ ವ್ಯವಹಾರಗಳನ್ನು ನಿಯಂತ್ರಿಸುವ ಕಾನೂನು 1999ರ ಫೆಮಾ. ಅದರ ಪ್ರಕಾರ ಕೆಲಸಕ್ಕೆಂದು ದೇಶ ಬಿಟ್ಟವರು ಹೊರಟಾಗಿನಿಂದಲೇ ಅನಿವಾಸಿಗಳು. 182 ದಿನಗಳ ಲೆಕ್ಕ ಆದಾಯ ತೆರಿಗೆಯದು. ಅದನ್ನೇ ಇಲ್ಲಿಗೂ ಹಚ್ಚಿ, ಇನ್ನೂ ಸಮಯವಿದೆ ಎಂದುಕೊಳ್ಳುವವರಿದ್ದಾರೆ. ಅನಿವಾಸಿಯಾದ ಮೇಲೆ ಊರಿನ ಮಾಮೂಲಿ ಉಳಿತಾಯ ಖಾತೆಯನ್ನು ಹಾಗೆಯೇ ಇಟ್ಟುಕೊಳ್ಳುವಂತಿಲ್ಲ. ಬ್ಯಾಂಕಿಗೆ ತಿಳಿಸಿ ಅದನ್ನು ಎನ್‌ಆರ್‌ಒ ಖಾತೆಯಾಗಿ ಬದಲಾಯಿಸಿಕೊಳ್ಳಬೇಕು. ಡಿಮ್ಯಾಟ್ ಖಾತೆಗೂ ಮ್ಯೂಚುವಲ್ ಫಂಡಿನ ಕೆವೈಸಿಗೂ ಇದೇ ಮಾತು. ಫೆಮಾ ಉಲ್ಲಂಘನೆಗೆ ಸಂಬಂಧಪಟ್ಟ ಮೊತ್ತದ ಮೂರು ಪಟ್ಟಿನವರೆಗೂ ದಂಡ ವಿಧಿಸುವ ಅಧಿಕಾರ ಕಾನೂನಿನಲ್ಲಿದೆ. ಎಲ್ಲರಿಗೂ ಅಷ್ಟು ಬೀಳುತ್ತದೆ ಎಂದಲ್ಲ, ಆದರೆ ಬ್ಯಾಂಕಿಗೆ ಒಂದು ಅರ್ಜಿ ಕೊಟ್ಟರೆ ಮುಗಿಯುವ ಕೆಲಸಕ್ಕೆ ಆ ಭಯ ಇಟ್ಟುಕೊಂಡು ಯಾಕೆ ಬದುಕಬೇಕು?

ಅನಿವಾಸಿಗೆ ಮುಖ್ಯವಾಗಿ ಬೇಕಾಗುವುದು ಎರಡು ಖಾತೆ, ಎರಡೂ ರೂಪಾಯಿಯವೇ. ಹೊರದೇಶದಲ್ಲಿ ದುಡಿದ ಹಣಕ್ಕೆ ಎನ್‌ಆರ್‌ಇ. ಅದರ ಅಸಲು, ಬಡ್ಡಿ ಎರಡನ್ನೂ ಯಾವಾಗ ಬೇಕಾದರೂ, ಎಷ್ಟು ಬೇಕಾದರೂ ಹೊರದೇಶಕ್ಕೆ ಮರಳಿ ಒಯ್ಯಬಹುದು. ಅನಿವಾಸಿಯಾಗಿರುವಷ್ಟು ಕಾಲ ಆ ಬಡ್ಡಿಗೆ ಇಲ್ಲಿ ತೆರಿಗೆಯೂ ಇಲ್ಲ. ಊರಿನ ಆದಾಯಕ್ಕೆ, ಅಂದರೆ ಬಾಡಿಗೆ, ಪಿಂಚಣಿ, ಆಸ್ತಿ ಮಾರಿದ ಹಣ ಇಂಥದ್ದಕ್ಕೆಲ್ಲ ಎನ್‌ಆರ್‌ಒ. ಇದರ ಬಡ್ಡಿಯಲ್ಲಿ ಬ್ಯಾಂಕು ಮೂಲದಲ್ಲೇ ಶೇ. 30ರಷ್ಟು ತೆರಿಗೆಯನ್ನೂ ಅದರ ಮೇಲೆ ಸೆಸ್ಸನ್ನೂ ಹಿಡಿದುಕೊಳ್ಳುತ್ತದೆ. ಈ ಖಾತೆಯಿಂದ ಒಂದು ಹಣಕಾಸು ವರ್ಷದಲ್ಲಿ ಹತ್ತು ಲಕ್ಷ ಡಾಲರ್‌ವರೆಗೆ ಹೊರಗೆ ಕಳಿಸಬಹುದು. ಅದಕ್ಕೆ ತೆರಿಗೆ ಕಟ್ಟಿದ ಪುರಾವೆ, ಆದಾಯ ತೆರಿಗೆ ಜಾಲತಾಣದಲ್ಲಿ ಘೋಷಣೆ, ಸಾಮಾನ್ಯವಾಗಿ ಚಾರ್ಟರ್ಡ್ ಅಕೌಂಟೆಂಟ್ ಪ್ರಮಾಣಪತ್ರ ಬೇಕು.

ಎನ್‌ಆರ್‌ಇಯಿಂದ ಎನ್‌ಆರ್‌ಒಗೆ ಹಣ ಹಾಕಲು ಯಾರೂ ತಡೆಯುವುದಿಲ್ಲ. ಹಾಕಿದ ಮೇಲೆ ಮಾತ್ರ ಅದು ಎನ್‌ಆರ್‌ಒ ಹಣವೇ. ವಾಪಸು ಎನ್‌ಆರ್‌ಇಗೆ ತರಬೇಕಾದರೆ ಮೇಲೆ ಹೇಳಿದ ಮಿತಿ, ಕಾಗದಪತ್ರ ಎಲ್ಲವೂ ಅನ್ವಯ.

ಹೂಡಿಕೆಗೂ ಇದೇ ಗುಣ ಅಂಟಿಕೊಳ್ಳುತ್ತದೆ. ದುಬೈಯಲ್ಲಿರುವ ಉಡುಪಿಯ ಎಂಜಿನಿಯರೊಬ್ಬರಿಗೆ ಮಣಿಪಾಲದ ಫ್ಲ್ಯಾಟಿನಿಂದ ಬಾಡಿಗೆ ಬರುತ್ತದೆ ಎಂದಿಟ್ಟುಕೊಳ್ಳಿ. ಸಂಬಳ ಎನ್‌ಆರ್‌ಇಗೆ, ಬಾಡಿಗೆ ಎನ್‌ಆರ್‌ಒಗೆ. ಅನಿವಾಸಿ ಮಾಲೀಕರಿಗೆ ಬಾಡಿಗೆ ಕೊಡುವಾಗ ತೆರಿಗೆ ಹಿಡಿದು ಕಟ್ಟುವ ಹೊಣೆ ಬಾಡಿಗೆದಾರರದು. ಎಷ್ಟೋ ಬಾಡಿಗೆದಾರರಿಗೆ ಇದು ಗೊತ್ತೇ ಇರುವುದಿಲ್ಲ, ಮಾಲೀಕರೇ ಹೇಳಬೇಕು.

ಅವರು ಎನ್‌ಆರ್‌ಇಯಿಂದ 10 ಲಕ್ಷ ರೂಪಾಯಿಯನ್ನು ಒಂದು ಈಕ್ವಿಟಿ ಫಂಡಿಗೆ ಹಾಕಿದರು. ಮೂರು ವರ್ಷದಲ್ಲಿ ಅದು 14 ಲಕ್ಷವಾಯಿತು, ಪೂರ್ತಿ ಮಾರಿದರು. ಲಾಭ 4 ಲಕ್ಷ. ಒಂದು ವರ್ಷ ದಾಟಿದ ಈಕ್ವಿಟಿ ಲಾಭಕ್ಕೆ 2024ರ ಜುಲೈ 23ರಿಂದ ತೆರಿಗೆ ಶೇ. 12.5, ಅದರ ಮೇಲೆ ಶೇ. 4 ಸೆಸ್. ಊರಲ್ಲಿರುವವರಿಗೆ ಫಂಡ್ ಕಂಪನಿ ಈ ಲಾಭದಲ್ಲಿ ತೆರಿಗೆ ಹಿಡಿಯುವುದಿಲ್ಲ; ಅನಿವಾಸಿಗೆ ಹಿಡಿಯುತ್ತದೆ. ಇಡೀ 4 ಲಕ್ಷದ ಮೇಲೆ ಹಿಡಿದರೆ 52,000 ರೂಪಾಯಿ ಹೋಗಿ, ಕೈಗೆ 13,48,000 ಬರುತ್ತದೆ. ಆದರೆ ವರ್ಷಕ್ಕೆ 1.25 ಲಕ್ಷದವರೆಗಿನ ಇಂಥ ಲಾಭಕ್ಕೆ ವಿನಾಯಿತಿ ಇದೆ. ಅದನ್ನು ಕಳೆದರೆ ನಿಜವಾದ ತೆರಿಗೆ 35,750 ಮಾತ್ರ. ಉಳಿದ 16,250 ವಾಪಸು ಬರಬೇಕಾದರೆ ರಿಟರ್ನ್ ಸಲ್ಲಿಸಲೇಬೇಕು. ತೆರಿಗೆ ಹೇಗೂ ಹಿಡಿದಾಯಿತಲ್ಲ ಎಂದು ಸುಮ್ಮನಿದ್ದರೆ ಆ ದುಡ್ಡು ಹೋದಂತೆಯೇ.

ಇನ್ನು 13,48,000 ಎಲ್ಲಿಗೆ ಬರುತ್ತದೆ? ಎನ್‌ಆರ್‌ಇಗೆ. ಅಲ್ಲಿಂದ ದುಬೈಗೆ ಕಳಿಸಲು ಮಿತಿಯೂ ಇಲ್ಲ, ಸಿಎ ಪ್ರಮಾಣಪತ್ರವೂ ಬೇಡ. ಇದೇ 10 ಲಕ್ಷವನ್ನು ಎನ್‌ಆರ್‌ಒಯಿಂದ ಹಾಕಿದ್ದರೆ ಲಾಭವೂ ತೆರಿಗೆಯೂ ಒಂದು ರೂಪಾಯಿ ಹೆಚ್ಚುಕಡಿಮೆ ಇಲ್ಲದೆ ಇಷ್ಟೇ ಆಗುತ್ತಿತ್ತು. ಹಣ ಮಾತ್ರ ಎನ್‌ಆರ್‌ಒಗೇ ಹೋಗುತ್ತಿತ್ತು. ಹತ್ತು ಲಕ್ಷ ಡಾಲರ್ ಎಂಬುದು ಹೆಚ್ಚಿನವರಿಗೆ ತಾಗುವ ಮಿತಿಯೇ ಅಲ್ಲ. ಕಾಡುವುದು ಪುರಾವೆ. ಹಣ ಎಲ್ಲಿಂದ ಬಂತು, ಅದಕ್ಕೆ ತೆರಿಗೆ ಕಟ್ಟಿದೆಯೇ ಎಂದು ಬ್ಯಾಂಕು ಕೇಳಿದಾಗ ಹಳೆಯ ಬಾಡಿಗೆ ಕರಾರು, ತೆರಿಗೆ ದಾಖಲೆ ಹುಡುಕಬೇಕು. ಆದ್ದರಿಂದ ಎರಡು ಖಾತೆಯ ಹಣವನ್ನು ಒಂದೇ ಫೋಲಿಯೊದಲ್ಲಿ ಬೆರೆಸಬೇಡಿ. ಎನ್‌ಆರ್‌ಇಗೆ ಒಂದು, ಎನ್‌ಆರ್‌ಒಗೆ ಇನ್ನೊಂದು ಫೋಲಿಯೊ ಇರಲಿ.

ನೇರವಾಗಿ ಷೇರು ಕೊಳ್ಳುವವರಿಗೂ ಇದೇ ವಿಂಗಡಣೆ: ಎರಡು ಬಗೆಯ ಡಿಮ್ಯಾಟ್. ಊರಲ್ಲಿದ್ದಾಗ ಕೊಂಡ ಷೇರುಗಳು ಎನ್‌ಆರ್‌ಒ ಡಿಮ್ಯಾಟಿಗೆ ಹೋಗುತ್ತವೆ. ಬೆಳಿಗ್ಗೆ ಕೊಂಡು ಸಂಜೆಯೊಳಗೆ ಮಾರುವ ವ್ಯಾಪಾರ ಅನಿವಾಸಿಗೆ ನಿಷಿದ್ಧ, ಡೆಲಿವರಿ ತೆಗೆದುಕೊಳ್ಳಲೇಬೇಕು.

ಈ ಗೋಜಲೆಲ್ಲ ಬೇಡವೆಂದು ಅಪ್ಪನ ಖಾತೆಗೆ ಹಣ ಕಳಿಸಿ, ಅವರ ಹೆಸರಲ್ಲೇ ಫಂಡ್ ಕೊಳ್ಳುವ ಮನೆಗಳು ನಮ್ಮಲ್ಲಿ ಬಹಳ. ಮಗ ಅಪ್ಪನಿಗೆ ಕೊಟ್ಟ ಉಡುಗೊರೆಗೆ ತೆರಿಗೆ ಇಲ್ಲ, ತಪ್ಪೂ ಅಲ್ಲ. ಆದರೆ ಕೊಟ್ಟ ಮೇಲೆ ಅದು ಅಪ್ಪನ ಆಸ್ತಿ. ಮುಂದೆ ಮಗನಿಗೆ ದುಬೈಯಲ್ಲಿ ಹಣ ಬೇಕಾದರೆ ಎನ್‌ಆರ್‌ಇಯ ದಾರಿ ಇರುವುದಿಲ್ಲ. ಹಿಂದೂ ಕುಟುಂಬದ ಅಪ್ಪ ಉಯಿಲು ಬರೆಯದೆ ತೀರಿಕೊಂಡರೆ ಅಮ್ಮ, ಅಜ್ಜಿ ಇದ್ದರೆ ಅಜ್ಜಿ, ಅಕ್ಕ, ತಮ್ಮ ಎಲ್ಲರಿಗೂ ಅದರಲ್ಲಿ ಪಾಲಿದೆ. ನಾಮಿನಿಯಾಗಿ ಮಗನ ಹೆಸರಿದ್ದ ಮಾತ್ರಕ್ಕೆ ಹಣ ಅವನದಾಗುವುದಿಲ್ಲ. ಮರುಭೂಮಿಯ ಬಿಸಿಲಲ್ಲಿ ದುಡಿದ ಹಣಕ್ಕಾಗಿ ಒಡಹುಟ್ಟಿದವರು ಮಾತು ಬಿಡುವುದನ್ನು ನೋಡುವುದು ಸಂಕಟದ ವಿಷಯ. ಅಪ್ಪನಿಗೆ ಖರ್ಚಿಗೆ ಕೊಡಿ, ನಿಮ್ಮ ಹೂಡಿಕೆ ನಿಮ್ಮ ಹೆಸರಲ್ಲೇ ಇರಲಿ.

ಅಮೆರಿಕದಲ್ಲಿರುವವರ ಲೆಕ್ಕ ಬೇರೆ. ಅಲ್ಲಿನ ತೆರಿಗೆ ಕಾನೂನು ಭಾರತದ ಮ್ಯೂಚುವಲ್ ಫಂಡುಗಳನ್ನು ಸಾಮಾನ್ಯವಾಗಿ ವಿದೇಶಿ ನಿಷ್ಕ್ರಿಯ ಹೂಡಿಕೆ ಕಂಪನಿ ಎಂಬ ವರ್ಗಕ್ಕೆ ಸೇರಿಸುತ್ತದೆ. ಅದರ ತೆರಿಗೆ ಭಾರ, ಒಂದೊಂದು ಫಂಡಿಗೂ ತುಂಬಬೇಕಾದ ಫಾರ್ಮು ಲಾಭವನ್ನು ತಿಂದುಹಾಕಬಹುದು. ಅಮೆರಿಕ, ಕೆನಡಾದಲ್ಲಿರುವವರ ಹಣವನ್ನು ಭಾರತದ ಎಲ್ಲ ಫಂಡ್ ಕಂಪನಿಗಳೂ ತೆಗೆದುಕೊಳ್ಳುವುದಿಲ್ಲ. ಅಮೆರಿಕದ ತೆರಿಗೆ ಬಲ್ಲವರನ್ನು ಕೇಳದೆ ಅಲ್ಲಿಂದ ಇಲ್ಲಿಯ ಫಂಡಿಗೆ ಕೈಹಾಕಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಕೊನೆಗೆ ಊರಿಗೇ ಮರಳುವುದು ನಿಶ್ಚಯವಾಗಿದ್ದರೆ ಎನ್‌ಆರ್‌ಒ ಹೂಡಿಕೆಯಿಂದ ತೊಂದರೆಯೇನೂ ಇಲ್ಲ. ಮಕ್ಕಳ ಓದೋ ಮನೆಯೋ ಹೊರದೇಶದಲ್ಲೇ ಆಗಬಹುದು ಎಂಬ ಅನುಮಾನವಿದ್ದರೂ ಸಂಬಳದ ಹಣವನ್ನು ಎನ್‌ಆರ್‌ಇಯಿಂದಲೇ ಹೂಡಿ. ಈಗಾಗಲೇ ಹೂಡಿದ್ದೀರಾದರೆ ನಿಮ್ಮ ಫಂಡಿನ ಸ್ಟೇಟ್‌ಮೆಂಟ್ ತೆಗೆದು ಎರಡು ಸಾಲು ನೋಡಿ: ತೆರಿಗೆ ಸ್ಥಿತಿ ಎಂಬಲ್ಲಿ ಏನಿದೆ, ಜೋಡಿಸಿದ ಬ್ಯಾಂಕ್ ಖಾತೆ ಯಾವುದು. ವಿದೇಶದಲ್ಲಿದ್ದೂ ಅಲ್ಲಿ ನಿವಾಸಿ ಎಂದೇ ಇದ್ದರೆ, ಮುಂದಿನ ಕಂತು ಹೋಗುವ ಮೊದಲು ಕೆವೈಸಿ ಬದಲಾಯಿಸಲು ಅರ್ಜಿ ಕೊಡಿ.