ಬಿಪಿ ನಾರ್ಮಲ್, ಆದರೂ ಏದುಸಿರು ಏಕೆ?

ಎಕೋ ರಿಪೋರ್ಟಿನಲ್ಲಿ 'ಪಲ್ಮನರಿ ಹೈಪರ್‌ಟೆನ್ಷನ್' ಎಂಬ ಪದ ಕಂಡೊಡನೆ ಅನೇಕರು ತಮಗೂ ಬಿಪಿ ಬಂತೆಂದು ಭಾವಿಸುತ್ತಾರೆ. ಕೆಲವರು ಮನೆಯ ಹಿರಿಯರು ಸೇವಿಸುವ ಬಿಪಿ ಮಾತ್ರೆಯನ್ನೇ ನುಂಗಲು ಆರಂಭಿಸುತ್ತಾರೆ. ಎರಡರ ಹೆಸರಿನಲ್ಲೂ 'ಒತ್ತಡ' ಇದೆ ನಿಜ. ಆದರೆ ರೋಗಗಳು ಬೇರೆ ಬೇರೆ.

ನಮ್ಮ ಹೃದಯದಲ್ಲಿ ಎರಡು ಪಂಪುಗಳಿವೆ. ಎಡಭಾಗದ್ದು ಇಡೀ ದೇಹಕ್ಕೆ ರಕ್ತವನ್ನು ತಳ್ಳುತ್ತದೆ. ತೋಳಿಗೆ ಪಟ್ಟಿ ಕಟ್ಟಿ ಅಳೆಯುವುದು ಈ ಒತ್ತಡವನ್ನು. 120/80 ಎನ್ನುವುದು ಇದನ್ನೇ. ಬಲಭಾಗದ್ದು ಪಕ್ಕದಲ್ಲೇ ಇರುವ ಶ್ವಾಸಕೋಶಕ್ಕೆ ಮಾತ್ರ ರಕ್ತ ಕಳಿಸುತ್ತದೆ. ಅಲ್ಲಿ ಮೇಲಿನ ಒತ್ತಡ ಸುಮಾರು 25 ಇದ್ದರೆ ಸಾಕು. ಆದ್ದರಿಂದ ಬಲಭಾಗದ ಗೋಡೆಯೂ ತೆಳು. ಶ್ವಾಸಕೋಶದ ಒತ್ತಡ ಏರಿದರೆ ಆ ತೆಳು ಗೋಡೆ ದಣಿಯುತ್ತದೆ. ತೋಳಿನ ಪಟ್ಟಿಗೆ ಇದ್ಯಾವುದೂ ತಿಳಿಯುವುದಿಲ್ಲ.

35 ವರ್ಷದ ಒಬ್ಬ ತಾಯಿಯನ್ನು ಊಹಿಸಿಕೊಳ್ಳಿ. ಮೆಟ್ಟಿಲು ಹತ್ತಿದರೆ ಏದುಸಿರು, ಸಂಜೆಯಾದರೆ ಪಾದದಲ್ಲಿ ಬಾವು. ಬಿಪಿ 110/70. "ರಕ್ತ ಕಡಿಮೆಯಿರಬೇಕು, ಸ್ವಲ್ಪ ದಪ್ಪ ಆಗಿದ್ದೀರಿ" ಎಂಬ ಮಾತು ಕೇಳಿ ಮನೆಗೆ ಮರಳುತ್ತಾರೆ. ಏದುಸಿರು ನಿಲ್ಲದೆ ಕೊನೆಗೆ ಎಕೋ ಮಾಡಿಸಿದಾಗ ಶ್ವಾಸಕೋಶದ ಒತ್ತಡ 70 ಎಂದು ಬರುತ್ತದೆ. ಎಕೋದ ಈ ಅಂಕಿ ಅಂದಾಜು ಮಾತ್ರ. ಖಚಿತವಾಗಿ ತಿಳಿಯಬೇಕಾದರೆ ರಕ್ತನಾಳದ ಮೂಲಕ ಹೃದಯಕ್ಕೆ ಸಣ್ಣ ಕೊಳವೆ ತೂರಿಸಿ ಅಳೆಯಬೇಕು.

ಒತ್ತಡ ಏರಿದ್ದೇಕೆ ಎಂಬುದೇ ಇಲ್ಲಿ ಮುಖ್ಯ ಪ್ರಶ್ನೆ. ವೈದ್ಯರು ಕೆದಕಿ ಕೇಳಿದಾಗ, ಬಾಲ್ಯದಲ್ಲಿ ಜ್ವರದೊಂದಿಗೆ ಕೀಲುಗಳು ಊದಿಕೊಂಡಿದ್ದು ಅವರಿಗೆ ನೆನಪಾಗುತ್ತದೆ. ಅದು ರುಮ್ಯಾಟಿಕ್ ಜ್ವರ. ಅದರಿಂದ ಎಡಭಾಗದ ಮೈಟ್ರಲ್ ಕವಾಟ ಕಿರಿದಾಗಿ, ಮುಂದೆ ಸಾಗಲಾರದ ರಕ್ತದ ಒತ್ತಡ ಹಿಂದಕ್ಕೆ, ಶ್ವಾಸಕೋಶದತ್ತ ತಿರುಗಿದೆ. ಇವರಿಗೆ ಕವಾಟವನ್ನು ಬಲೂನಿನಿಂದ ಅಗಲಿಸುವುದೋ ಬದಲಿಸುವುದೋ ಚಿಕಿತ್ಸೆ. ಅದೇ 70 ಇರುವ ಇನ್ನೊಬ್ಬರಿಗೆ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಅವರಿಗೆ ರಕ್ತ ತೆಳುವಾಗಿಸುವ ಔಷಧಿ ಬೇಕು. ಶ್ವಾಸಕೋಶದ ನಾಳಗಳೇ ಕಿರಿದಾಗಿರುವವರಿಗೆ ಕೊಡುವ ಸಿಲ್ಡೆನಾಫಿಲ್ ಮಾತ್ರೆಯನ್ನು ಈ ತಾಯಿಗೆ ಕೊಟ್ಟರೆ ಶ್ವಾಸಕೋಶದಲ್ಲಿ ನೀರು ತುಂಬುವ ಅಪಾಯವೂ ಇದೆ. ಹಾಗಾಗಿ ಒಂದೇ ಹೆಸರಿನ ರೋಗವೆಂದು ಒಬ್ಬರ ಚೀಟಿಯ ಔಷಧಿಯನ್ನು ಇನ್ನೊಬ್ಬರು ತೆಗೆದುಕೊಳ್ಳಬಾರದು.

ಹಾಗಿದ್ದರೆ ಬಿಪಿ ಮಾತ್ರೆ? ಅಮ್ಲೋಡಿಪಿನ್‌ನಂಥವು ತೋಳಿನ ಬಿಪಿಯನ್ನು ಇಳಿಸುತ್ತವೆ. ಇವರಿಗೆ ಅದು ಮೊದಲೇ 110. ಇನ್ನೂ ಇಳಿದರೆ ತಲೆಸುತ್ತು. ಮೇಲಾಗಿ ಆ ಮಾತ್ರೆಯಿಂದಲೇ ಕೆಲವರ ಪಾದ ಊದುವುದರಿಂದ ರೋಗ ಹೆಚ್ಚಿತೋ ಮಾತ್ರೆ ಹೆಚ್ಚಾಯಿತೋ ತಿಳಿಯದಂತಾಗುತ್ತದೆ.

ಎರಡಕ್ಕೂ ಸಂಬಂಧವೇ ಇಲ್ಲವೆಂದಲ್ಲ. ವರ್ಷಗಟ್ಟಲೆ ಹತೋಟಿಗೆ ಬಾರದ ಸಾಮಾನ್ಯ ಬಿಪಿಯಿಂದ ಹೃದಯದ ಎಡಭಾಗ ಬಿಗಿಯಾಗಿ, ಶ್ವಾಸಕೋಶದ ಒತ್ತಡವೂ ಏರಬಹುದು. ಅಂಥವರು ಬಿಪಿ ಮಾತ್ರೆಯನ್ನು ನಿಲ್ಲಿಸಲೇಬಾರದು.

ಗರ್ಭ ಧರಿಸುವ ಯೋಚನೆ ಇರುವವರು ಮೊದಲೇ ಹೃದ್ರೋಗ ತಜ್ಞರನ್ನು ಕಾಣಬೇಕು. ಗರ್ಭಾವಸ್ಥೆಯಲ್ಲಿ ರಕ್ತದ ಪ್ರಮಾಣ ಹೆಚ್ಚಾಗಿ ದಣಿದ ಹೃದಯಕ್ಕೆ ಜೀವಾಪಾಯದಷ್ಟು ಹೊರೆ ಬೀಳಬಹುದು. ನಡೆಯುವಾಗ ಎಚ್ಚರ ತಪ್ಪಿದರಂತೂ ಮರುದಿನದವರೆಗೆ ಕಾಯದೆ, ಅಂದೇ ಆಸ್ಪತ್ರೆಗೆ ಹೋಗಿ.