ತಡವಾದ ಸರಕು, ಬಹಿರಂಗ ದೂರು: ಉತ್ತರ ಹೇಗಿರಬೇಕು?

ಮದುವೆಗೆಂದು ಆನ್‌ಲೈನ್ ಮೂಲಕ ಕೊಂಡ ಇಳಕಲ್ ಸೀರೆ 10ರ ಬದಲು 16ರಂದು ತಲುಪಿತೆಂದು ಗ್ರಾಹಕರೊಬ್ಬರು ಎಲ್ಲರೆದುರು ಕಟುವಾಗಿ ದೂರಿದರೆಂದು ಭಾವಿಸೋಣ. "ತಪ್ಪು ಕೊರಿಯರ್‌ನವರದು" ಎಂಬ ಉತ್ತರ ಸಾಮಾನ್ಯ. ಆದರೆ 2020ರ ಗ್ರಾಹಕ ಸಂರಕ್ಷಣಾ (ಇ-ವಾಣಿಜ್ಯ) ನಿಯಮಗಳ ಪ್ರಕಾರ, ತಿಳಿಸಿದ ಅವಧಿಗಿಂತ ತಡವಾಗಿ ತಲುಪಿದ ಸರಕನ್ನು ಹಿಂಪಡೆಯಲು ಅಥವಾ ಹಣ ಮರಳಿಸಲು ಮಾರಾಟಗಾರರು ನಿರಾಕರಿಸುವಂತಿಲ್ಲ. ಪ್ರವಾಹದಂತಹ ಕೈಮೀರಿದ ಕಾರಣಗಳಿಗಷ್ಟೇ ವಿನಾಯಿತಿ. ದೂರು ತಲುಪಿದ್ದನ್ನು 48 ಗಂಟೆಗಳೊಳಗೆ ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕು.

ಆದುದರಿಂದ ಉತ್ತರ ಹೀಗಿರಲಿ: "ಸೀರೆಯು 6 ದಿನ ತಡವಾದುದು ನಿಜ, ಕ್ಷಮೆ ಕೋರುತ್ತೇವೆ. ತಾವು ಬಯಸಿದಲ್ಲಿ ನಮ್ಮ ವೆಚ್ಚದಲ್ಲಿ ಹಿಂದಕ್ಕೆ ತರಿಸಿಕೊಂಡು ಪೂರ್ಣ ಹಣ ಮರಳಿಸುತ್ತೇವೆ. ನಾಳೆ 11 ಗಂಟೆಯೊಳಗೆ ನಮ್ಮ ವ್ಯವಸ್ಥಾಪಕರು ತಮಗೆ ದೂರವಾಣಿ ಮಾಡುವರು." ಗ್ರಾಹಕರ ವಿಳಾಸ, ದೂರವಾಣಿ ಸಂಖ್ಯೆಗಳನ್ನು ಅದರಲ್ಲಿ ಬರೆಯಬಾರದು. ಹೀಗೆ ಕೊಟ್ಟ ಮಾತು ಲಿಖಿತ ದಾಖಲೆಯಾಗಿ ಉಳಿಯುವುದರಿಂದ, ನೆರವೇರಿಸಲಾಗದ್ದನ್ನು ಬರೆಯದಿರುವುದೇ ಕ್ಷೇಮ.